ಕಥೆಯೊಳಗಿನ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾದಂಬರಿ ಓದುವ ಗೆಳೆಯರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹತ್ತಾರು ಪುಸ್ತಕಗಳ ಹೆಸರು ಹೇಳುತ್ತಾ ಹೋಗುವುದಕ್ಕಿಂತ ಒಂದನ್ನೇ ಹತ್ತಿರದಿಂದ ನೋಡುವುದು ನನಗೆ ಇಷ್ಟ. ಹಾಗಾಗಿ ಹೆಚ್ಚಿನ ಉತ್ತರಗಳು ಸ್ಪೇನಿನ ಸರ್ವಾಂಟಿಸ್ ಬರೆದ 'ಡಾನ್ ಕ್ವಿಕ್ಸೋಟ್' ಕಾದಂಬರಿಯ ಒಂದು ರಾತ್ರಿಯ ಸುತ್ತಲೇ ಇವೆ. ಕೊನೆಯ ಕಡೆ ಬಾಣನ 'ಕಾದಂಬರಿ' ಬರುತ್ತದೆ.

## ಮೊದಲಿಗೆ

ಕಥೆಯೊಳಗಿನ ಕಥೆ ಅಂದ್ರೆ ಏನು? ಫ್ಲ್ಯಾಶ್‌ಬ್ಯಾಕ್ ಕೂಡ ಅದೇ ಅಲ್ವಾ?

ಅಲ್ಲ. ಕಥೆಯೊಳಗಿನ ಕಥೆಗೆ ಕಾದಂಬರಿಯ ಒಳಗೇ ಒಬ್ಬ ಹೇಳುವವನು ಇರಬೇಕು, ಒಬ್ಬ ಕೇಳುವವನೂ ಇರಬೇಕು. ಯಾರೋ ಒಬ್ಬರು ಬಾಯಿ ಬಿಟ್ಟು ಹೇಳಬಹುದು, ಸಿಕ್ಕಿದ ಕಾಗದವನ್ನು ಗಟ್ಟಿಯಾಗಿ ಓದಬಹುದು, ಇಲ್ಲವೇ ಬೊಂಬೆಯಾಟ ಆಡಿಸಬಹುದು. ಫ್ಲ್ಯಾಶ್‌ಬ್ಯಾಕಿನಲ್ಲಿ ಹಾಗಿಲ್ಲ. ಅಲ್ಲಿ ಲೇಖಕರು ನಮ್ಮನ್ನು ಕೈಹಿಡಿದು ಹಿಂದಕ್ಕೆ ಕರೆದೊಯ್ಯುತ್ತಾರೆ. ಪಕ್ಕದಲ್ಲಿ ಕೂತ ಪಾತ್ರಕ್ಕೆ ಅದು ಕೇಳಿಸುವುದಿಲ್ಲ.

ಸುಲಭದ ಪರೀಕ್ಷೆ ಒಂದಿದೆ. ಆ ಭಾಗ ಮುಗಿದ ಮೇಲೆ 'ಇದನ್ನು ಯಾರು ಕೇಳಿಸಿಕೊಂಡರು?' ಎಂದು ಕೇಳಿ. ಉತ್ತರವಾಗಿ ಒಂದು ಪಾತ್ರದ ಹೆಸರು ಬಂದರೆ ಅದು ಒಳಕಥೆ. 'ನಾನು, ಓದುಗ' ಎಂಬ ಉತ್ತರ ಮಾತ್ರ ಬಂದರೆ ಅದು ಫ್ಲ್ಯಾಶ್‌ಬ್ಯಾಕ್. ಈ ವ್ಯತ್ಯಾಸ ಸಣ್ಣದಲ್ಲ. ಒಳಕಥೆ ಹೊರಕಥೆಯ ಬಗ್ಗೆ ಏನನ್ನಾದರೂ ಹೇಳುವುದು ಬಹುಮಟ್ಟಿಗೆ ಆ ಕೇಳುವವನ ಮೂಲಕವೇ.

ಒಳಕಥೆ ಶುರುವಾದ ಕೂಡಲೇ ನಾನು ಪುಟ ಹಾರಿಸಿಬಿಡ್ತೀನಿ. ನಿಜಕ್ಕೂ ಏನಾದ್ರೂ ತಪ್ಪಿಹೋಗುತ್ತಾ?

ಈ ದೂರಿಗೆ ನಾನೂರು ವರ್ಷ ವಯಸ್ಸಾಗಿದೆ. 'ಡಾನ್ ಕ್ವಿಕ್ಸೋಟ್' ಮೊದಲ ಭಾಗ ಬಂದದ್ದು 1605ರಲ್ಲಿ. ಅದರಲ್ಲಿ 33ರಿಂದ 35ನೇ ಅಧ್ಯಾಯದವರೆಗೆ, ನಡುವೆ ಒಂದು ಗಲಾಟೆ ಬಿಟ್ಟರೆ, ಬೇರೆಯೇ ಊರಿನ ಬೇರೆಯೇ ಜನರ ಕಥೆ ಓಡುತ್ತದೆ. ಓದುಗರು ಗೊಣಗಿದರು. 1615ರ ಎರಡನೇ ಭಾಗದಲ್ಲಿ ಸರ್ವಾಂಟಿಸ್ ಆ ಗೊಣಗಾಟವನ್ನು ಕಾದಂಬರಿಯ ಒಳಕ್ಕೇ ತಂದ. ಅದರ ಮೂರನೇ ಅಧ್ಯಾಯದಲ್ಲಿ ಓದಿಕೊಂಡ ಯುವಕನೊಬ್ಬ ಬಂದು, ಆ ಕಥೆ ಕೆಟ್ಟದ್ದೇನಲ್ಲ, ಆದರೆ ಅದು ಅಲ್ಲಿ ಇರಬೇಕಾದದ್ದಲ್ಲ, ಕ್ವಿಕ್ಸೋಟನ ಕಥೆಗೂ ಅದಕ್ಕೂ ಸಂಬಂಧವಿಲ್ಲ ಅಂತಾರೆ ಜನ ಎಂದು ಹೇಳುತ್ತಾನೆ. 44ನೇ ಅಧ್ಯಾಯದಲ್ಲಿ ಇನ್ನೊಂದು ಮಾತು ಬರುತ್ತದೆ. ಕ್ವಿಕ್ಸೋಟನ ಸಾಹಸಕ್ಕೆ ಮನಸೋತ ಓದುಗರು ಒಳಕಥೆಗಳ ಮೇಲೆ ಅವಸರದಲ್ಲಿ ಓಡುತ್ತಾರೆ, ಅವುಗಳ ಕಸುಬುಗಾರಿಕೆ ಅವರ ಕಣ್ಣಿಗೆ ಬೀಳುವುದಿಲ್ಲ ಎಂದು.

ಅಂದರೆ ಪುಟ ಹಾರಿಸುವವರು ಇರುತ್ತಾರೆಂದು ಲೇಖಕನಿಗೆ ಚೆನ್ನಾಗಿ ಗೊತ್ತಿತ್ತು. ನಾನೂ ಮೊದಲ ಓದಿನಲ್ಲಿ ಆ ಮೂರು ಅಧ್ಯಾಯ ಹಾರಿಸಿದ್ದೆ. ಹೊರಕಥೆಯ ಎಳೆ ಎಲ್ಲೂ ತುಂಡಾಗಲಿಲ್ಲ, ಎಲ್ಲವೂ ಅರ್ಥವಾಯಿತು. ತಪ್ಪಿಹೋದದ್ದು ಬೇರೆ. ಕ್ವಿಕ್ಸೋಟ್ ಹುಚ್ಚನೋ ಜಾಣನೋ ಎಂಬ ಪ್ರಶ್ನೆಗೆ ಕಾದಂಬರಿ ಕೊಡುವ ಅತಿ ಸೂಕ್ಷ್ಮವಾದ ಉತ್ತರ ಆ ಪುಟಗಳಲ್ಲಿತ್ತು.

ನೀವು ಯಾವಾಗಲೂ ಹೇಳೋ ಆ ಒಳಕಥೆ ಯಾವುದು? ಪುಸ್ತಕ ಓದಿಲ್ಲದವರಿಗೆ ಒಮ್ಮೆ ಹೇಳಿ.

ಹಣ ಕೊಟ್ಟು ತಂಗುವ ದಾರಿಬದಿಯ ಒಂದು ಛತ್ರ. ವೀರರ ಕಥೆಗಳನ್ನು ಓದಿ ಓದಿ ತಾನೇ ವೀರನೆಂದು ಹೊರಟ ಕ್ವಿಕ್ಸೋಟ್ ದಣಿದು ಬಂದು ಒಳಗೆ ಮಲಗಿದ್ದಾನೆ. ಅವನನ್ನು ಊರಿಗೆ ವಾಪಸ್ ಕರೆದೊಯ್ಯಲು ಬಂದ ಪಾದ್ರಿ, ಕ್ಷೌರಿಕ, ದಾರಿಯಲ್ಲಿ ಜೊತೆಯಾದ ಕಾರ್ಡೆನಿಯೋ ಮತ್ತು ಡೊರೊಟಿಯಾ, ಸೇವಕ ಸಾಂಚೊ, ಛತ್ರದ ಮನೆಯವರು ಎಲ್ಲರೂ ಹೊರಗೆ ಇದ್ದಾರೆ. ಹಿಂದೆ ಯಾರೋ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಒಂದು ಕೈಬರಹದ ಕಥೆ ಸಿಗುತ್ತದೆ. ಪಾದ್ರಿ ಗಟ್ಟಿಯಾಗಿ ಓದುತ್ತಾನೆ. ಅದರ ಹೆಸರನ್ನು ನಮ್ಮ ಮಾತಿನಲ್ಲಿ 'ಸಲ್ಲದ ಕುತೂಹಲದವನು' ಎನ್ನಬಹುದು.

ಕಥೆ ಫ್ಲಾರೆನ್ಸ್ ನಗರದ್ದು. ಅನ್ಸೆಲ್ಮೊ ಮತ್ತು ಲೊತಾರಿಯೊ ಜೀವದ ಗೆಳೆಯರು. ಅನ್ಸೆಲ್ಮೊ ಕಮಿಲಾಳನ್ನು ಮದುವೆಯಾಗುತ್ತಾನೆ. ಅವಳು ಒಳ್ಳೆಯವಳು. ಅದೇ ಅವನ ಸಂಕಟ. ಯಾರೂ ಕೆಡಿಸಲು ನೋಡದೆ ಇರುವಾಗ ಒಳ್ಳೆಯವಳಾಗಿರುವುದು ಯಾವ ದೊಡ್ಡ ವಿಷಯ ಎಂಬ ಹುಳು ಅವನ ತಲೆ ಹೊಕ್ಕಿದೆ. ಅವಳನ್ನು ಮರುಳು ಮಾಡಿ ನೋಡು ಎಂದು ಗೆಳೆಯನನ್ನೇ ಬೇಡುತ್ತಾನೆ. ಲೊತಾರಿಯೊ ಒಪ್ಪುವುದಿಲ್ಲ. ಒಳ್ಳೆಯ ವಜ್ರವೆಂದು ಎಲ್ಲರೂ ಒಪ್ಪಿದ ಮೇಲೂ ಅದನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ನೋಡುತ್ತೀಯಾ ಎಂದು ಕೇಳುತ್ತಾನೆ. ಅನ್ಸೆಲ್ಮೊ ಬಿಡುವುದಿಲ್ಲ.

ಮೊದಲು ಲೊತಾರಿಯೊ ಸುಮ್ನೆ ನಟಿಸುತ್ತಾನೆ. ಅನ್ಸೆಲ್ಮೊ ಬೀಗದ ಕಿಂಡಿಯಲ್ಲಿ ಇಣುಕಿ ಅದನ್ನೂ ಕಂಡುಹಿಡಿಯುತ್ತಾನೆ. ಆಮೇಲೆ ಬೇಕಂತಲೇ ಎಂಟು ದಿನ ಊರು ಬಿಡುತ್ತಾನೆ. ಲೊತಾರಿಯೊಗೆ ನಿಜವಾಗಿಯೂ ಪ್ರೀತಿ ಹುಟ್ಟುತ್ತದೆ. ಬೇಗ ಬನ್ನಿ ಎಂದು ಕಮಿಲಾ ಗಂಡನಿಗೆ ಪತ್ರ ಬರೆಯುತ್ತಾಳೆ. ಅವನು ಬರುವುದಿಲ್ಲ. ಕೊನೆಗೆ ಅವಳೂ ಸೋಲುತ್ತಾಳೆ. ಮುಂದೆ ಗುಟ್ಟು ಬಯಲಾಗುವ ಹೊತ್ತು ಬಂದಾಗ ಕಮಿಲಾ ಒಂದು ನಾಟಕ ಹೂಡುತ್ತಾಳೆ. ಪರದೆಯ ಹಿಂದೆ ಗಂಡ ಅಡಗಿರುವುದು ಅವಳಿಗೆ ಗೊತ್ತು. ಅವನ ಕಣ್ಣೆದುರೇ ಲೊತಾರಿಯೊ ಮೇಲೆ ಕಠಾರಿ ಎತ್ತುತ್ತಾಳೆ, ಆಮೇಲೆ ತನ್ನ ಭುಜದ ಬಳಿ ಸಣ್ಣದಾಗಿ ಚುಚ್ಚಿಕೊಳ್ಳುತ್ತಾಳೆ. ಅನ್ಸೆಲ್ಮೊಗೆ ಆನಂದವೋ ಆನಂದ. ಇಂಥ ಪತಿವ್ರತೆ ಲೋಕದಲ್ಲೇ ಇಲ್ಲ ಎಂದು ನಂಬುತ್ತಾನೆ. ಕೊನೆಗೆ ಮನೆಗೆಲಸದವಳ ಮೂಲಕ ಸತ್ಯ ಹೊರಬರುವ ಸೂಚನೆ ಸಿಕ್ಕಾಗ ಕಮಿಲಾ ಓಡಿಹೋಗುತ್ತಾಳೆ. ಸುದ್ದಿ ತಿಳಿದ ಅನ್ಸೆಲ್ಮೊ ಒಂದು ಪತ್ರ ಬರೆಯುತ್ತಾ ಅರ್ಧಕ್ಕೇ ಸಾಯುತ್ತಾನೆ. ಪವಾಡ ಮಾಡಿ ತೋರಿಸಬೇಕೆಂಬ ಕಟ್ಟಳೆ ಅವಳಿಗಿರಲಿಲ್ಲ, ತಪ್ಪು ನನ್ನದೇ ಎನ್ನುವ ಅರ್ಥದ ಸಾಲು ಆ ಪತ್ರದಲ್ಲಿದೆ. ಲೊತಾರಿಯೊ ಯುದ್ಧದಲ್ಲಿ, ಕಮಿಲಾ ಸನ್ಯಾಸಿನಿಯರ ಮಠದಲ್ಲಿ ತೀರಿಕೊಳ್ಳುತ್ತಾರೆ.

## ಸ್ವಲ್ಪ ಒಳಗೆ

ಸರಿ, ಆದ್ರೆ ಈ ಗಂಡ ಹೆಂಡತಿ ಕಥೆಗೂ ಹುಚ್ಚು ವೀರನಿಗೂ ಏನು ಸಂಬಂಧ?

ಸಂಬಂಧ ಬಹಳ ಹಿಂದೆ, ಮೊದಲನೇ ಅಧ್ಯಾಯದಲ್ಲೇ ಇದೆ. ಅದಕ್ಕೇ ನಮಗೆ ಥಟ್ಟನೆ ಕಾಣುವುದಿಲ್ಲ.

ಮನೆ ಬಿಟ್ಟು ಹೊರಡುವ ಮೊದಲು ಕ್ವಿಕ್ಸೋಟ್ ತನ್ನ ಶಿರಸ್ತ್ರಾಣ ಸರಿಮಾಡಿಕೊಳ್ಳುತ್ತಾನೆ. ಮುಖ ಮುಚ್ಚುವ ಭಾಗ ಇರುವುದಿಲ್ಲ. ರಟ್ಟಿನಿಂದ ಅದನ್ನು ಮಾಡಿ ಅಂಟಿಸುತ್ತಾನೆ. ಗಟ್ಟಿ ಇದೆಯೋ ಇಲ್ಲವೋ ನೋಡಬೇಕಲ್ಲ. ಕತ್ತಿ ತೆಗೆದು ಹೊಡೆಯುತ್ತಾನೆ. ಒಂದು ವಾರದ ಕೆಲಸ ಮೊದಲ ಏಟಿಗೇ ಚೂರಾಗುತ್ತದೆ. ಮತ್ತೆ ಮಾಡುತ್ತಾನೆ, ಈ ಸಲ ಒಳಗೆ ಕಬ್ಬಿಣದ ಪಟ್ಟಿ ಕೊಡುತ್ತಾನೆ. ಆದರೆ ಎರಡನೇ ಸಲ ಹೊಡೆದು ನೋಡುವುದಿಲ್ಲ. ಇದು ಅತ್ಯುತ್ತಮ ಶಿರಸ್ತ್ರಾಣ ಎಂದು ತನಗೆ ತಾನೇ ಹೇಳಿಕೊಂಡು ತಲೆಗೆ ಇಟ್ಟುಕೊಳ್ಳುತ್ತಾನೆ.

ಈಗ ಅನ್ಸೆಲ್ಮೊನನ್ನು ಇದರ ಪಕ್ಕದಲ್ಲಿ ನಿಲ್ಲಿಸಿ. ಅವನ ಕೈಯಲ್ಲೂ ಬೆಲೆಬಾಳುವ ವಸ್ತು ಒಂದಿದೆ. ಅವನಿಗೂ ಗಟ್ಟಿತನದ ಅನುಮಾನ. ಅವನು ಹೊಡೆಯುತ್ತಾನೆ, ಒಡೆಯುವುದಿಲ್ಲ. ಮತ್ತೆ ಹೊಡೆಯುತ್ತಾನೆ. ಒಡೆಯುವವರೆಗೂ ಬಿಡುವುದಿಲ್ಲ. ಕ್ವಿಕ್ಸೋಟ್ ಒಂದೇ ಏಟಿಗೆ ಪಾಠ ಕಲಿತ: ನಂಬಿಕೆ ಬೇಕಿದ್ದರೆ ಪರೀಕ್ಷೆ ನಿಲ್ಲಿಸಬೇಕು. ಅವನು ಹುಚ್ಚ, ನಿಜ. ಆದರೆ ಆ ಹುಚ್ಚಿನಿಂದ ಮುರಿಯುವುದು ಹೆಚ್ಚಾಗಿ ಅವನದೇ ಪಕ್ಕೆಲುಬು, ಹಲ್ಲು. ಅನ್ಸೆಲ್ಮೊ ತನ್ನ ಊರಿನ ಕಣ್ಣಿಗೆ ಪೂರ್ತಿ ಬುದ್ಧಿ ಇರುವ ಮನುಷ್ಯ. ಅವನ ಬುದ್ಧಿವಂತಿಕೆ ಮೂರು ಜೀವ ತೆಗೆಯುತ್ತದೆ.

ಇಲ್ಲಿಯವರೆಗೂ ನಾವು ಕ್ವಿಕ್ಸೋಟನನ್ನು ನೋಡಿ ನಗುತ್ತಾ ಬಂದಿದ್ದೆವು. 'ಅಯ್ಯೋ, ಒಮ್ಮೆ ಪರೀಕ್ಷೆ ಮಾಡಿ ನೋಡಬಾರದಾ? ಅವು ದೈತ್ಯರಲ್ಲ, ಗಾಳಿಗಿರಣಿ ಅಂತ ತಿಳಿಯುತ್ತಿತ್ತಲ್ಲ' ಎಂದು. ಪರೀಕ್ಷೆ ಮಾಡುತ್ತಲೇ ಹೋದವನ ಗತಿ ಏನಾಯಿತೆಂದು ಒಳಕಥೆ ತೋರಿಸುತ್ತದೆ. ಕ್ವಿಕ್ಸೋಟ್ ಸರಿ ಎಂದು ಅದು ಹೇಳುವುದಿಲ್ಲ. ನಮ್ಮ ನಗುವಿನ ಕೆಳಗಿದ್ದ ನೆಲವನ್ನು ಸ್ವಲ್ಪ ಅಲ್ಲಾಡಿಸುತ್ತದೆ, ಅಷ್ಟೇ. ಹೊರಕಥೆಯಲ್ಲಿ ಯಾವ ಪಾತ್ರ ಭಾಷಣ ಮಾಡಿದರೂ ಇದು ಸಾಧ್ಯವಾಗುತ್ತಿರಲಿಲ್ಲ.

ಓದು ಇನ್ನೇನು ಮುಗೀಬೇಕು, ಅಷ್ಟರಲ್ಲಿ ಸರ್ವಾಂಟಿಸ್ ಗಲಾಟೆ ಎಬ್ಬಿಸಿ ಕಥೆ ನಿಲ್ಲಿಸ್ತಾನೆ. ಇದು ಸುಮ್ನೆ ಸಸ್ಪೆನ್ಸ್‌ಗಾಗಿ ಅಲ್ವಾ?

ಸಸ್ಪೆನ್ಸ್ ಇದ್ದೇ ಇದೆ. ಆದರೆ ಕತ್ತರಿ ಬಿದ್ದ ಜಾಗ ನೋಡಿ.

ಮುಂದಿನ ದುರಂತದ ಸೂಚನೆ ಕೊಡುವ ಕೊನೆಯ ಮಾತೊಂದನ್ನು ಬಿಟ್ಟರೆ, 34ನೇ ಅಧ್ಯಾಯ ಮುಗಿಯುವುದು ಅನ್ಸೆಲ್ಮೊನ ಆನಂದದಲ್ಲಿ. ಅವನು ಪರದೆಯ ಹಿಂದೆ ನಿಂತು ನಾಟಕ ನೋಡಿದ್ದಾನೆ, ರಕ್ತ ನೋಡಿದ್ದಾನೆ, ಎಲ್ಲವನ್ನೂ ನಂಬಿದ್ದಾನೆ. 35ನೇ ಅಧ್ಯಾಯ ಶುರುವಾಗುತ್ತಲೇ ಸಾಂಚೊ ಕೂಗುತ್ತಾ ಓಡಿಬರುತ್ತಾನೆ, ನಮ್ಮ ಯಜಮಾನರು ದೈತ್ಯನ ತಲೆ ಕಡಿದುಬಿಟ್ಟರು ಅಂತ. ಎಲ್ಲರೂ ನುಗ್ಗಿ ನೋಡಿದರೆ ಕ್ವಿಕ್ಸೋಟ್ ನಿದ್ದೆಯಲ್ಲೇ ಕತ್ತಿ ಬೀಸುತ್ತಿದ್ದಾನೆ. ಕೋಣೆಯಲ್ಲಿದ್ದ ದ್ರಾಕ್ಷಾರಸದ ತೊಗಲು ಚೀಲಗಳು ಹರಿದು ನೆಲವೆಲ್ಲ ಕೆಂಪು. ಸಾಂಚೊ ಆ ಕೆಂಪನ್ನು ರಕ್ತ ಅಂದುಕೊಂಡು ದೈತ್ಯನ ತಲೆಗಾಗಿ ನೆಲದ ಮೇಲೆ ಹುಡುಕುತ್ತಿದ್ದಾನೆ.

ಒಂದು ಪುಟದ ಅಂತರದಲ್ಲಿ ಇಬ್ಬರು ಗಂಡಸರು. ಒಬ್ಬ ಎಚ್ಚರವಾಗಿದ್ದು, ಕಣ್ಣು ಬಿಟ್ಟು, ನಿಜವಾದ ರಕ್ತ ನೋಡಿ ಸುಳ್ಳನ್ನು ನಂಬಿದ. ಇನ್ನೊಬ್ಬ ಕಣ್ಣು ಮುಚ್ಚಿ, ದ್ರಾಕ್ಷಾರಸ ಚೆಲ್ಲಿ, ಗೆದ್ದೆನೆಂದು ನಂಬಿದ. ಇಬ್ಬರ ಸಂತೋಷದ ಹಿಂದೆಯೂ ಒಬ್ಬ ಹೆಂಗಸು ಕಟ್ಟಿದ ಕಥೆ ಇದೆ. ಕಮಿಲಾ ನಾಟಕ ಕಟ್ಟಿದಳು. ಕ್ವಿಕ್ಸೋಟನ ಕನಸಿನ ದೈತ್ಯನೋ, ಅವನನ್ನು ಕಾಡಿನಿಂದ ಹೊರಗೆ ಕರೆತರಲು ಡೊರೊಟಿಯಾ ರಾಜಕುಮಾರಿಯ ವೇಷ ತೊಟ್ಟು ಹೇಳಿದ ಸುಳ್ಳು ಕಥೆಯಿಂದ ಎದ್ದುಬಂದವನು. ಹತ್ತು ಪುಟ ಮೊದಲು ಅಥವಾ ಆಮೇಲೆ ಓದು ನಿಂತಿದ್ದರೆ ಈ ಎರಡು ಚಿತ್ರ ಒಂದರ ಮೇಲೊಂದು ಕೂರುತ್ತಿರಲಿಲ್ಲ. ಯಾವುದೇ ಕಾದಂಬರಿಯಲ್ಲಿ ಒಳಕಥೆ ನಡುವೆ ನಿಂತರೆ, ನಿಲ್ಲುವ ಹಿಂದಿನ ಸಾಲನ್ನೂ ಹೊರಕಥೆ ಮತ್ತೆ ಶುರುವಾಗುವ ಮೊದಲ ಸಾಲನ್ನೂ ಜೊತೆಗಿಟ್ಟು ಓದಿ ನೋಡಿ.

ಕೇಳುವವರು ಸುಮ್ನೆ ಕೂತಿರ್ತಾರೆ. ಅವರನ್ನ ಯಾಕೆ ಗಮನಿಸಬೇಕು?

ಆ ರಾತ್ರಿ ಕೂತು ಕೇಳುತ್ತಿರುವ ಕಾರ್ಡೆನಿಯೋಗೆ ಈ ಕಥೆ ಗಾಯದ ಮೇಲೆ ಕೈಯಿಟ್ಟ ಹಾಗೆ. ಅವನೂ ಗೆಳೆಯನನ್ನು ನಂಬಿದವನು. ತಾನು ಪ್ರೀತಿಸಿದ ಲುಸಿಂಡಾಳ ವಿಷಯವನ್ನೆಲ್ಲ ಫರ್ನಾಂಡೊ ಎಂಬ ಗೆಳೆಯನ ಹತ್ತಿರ ಹೇಳಿಕೊಂಡ. ಫರ್ನಾಂಡೊ ಮೋಸ ಮಾಡಿ ಅವಳನ್ನೇ ಮದುವೆಯಾಗಲು ಹೊರಟ. ಅದೇ ಫರ್ನಾಂಡೊ ಮಾತು ಕೊಟ್ಟು ಕೈಬಿಟ್ಟವಳು ಡೊರೊಟಿಯಾ. ಗೆಳೆಯನ ಕೈಗೆ ಹೆಣ್ಣನ್ನು ಕೊಟ್ಟು ಕೆಟ್ಟವನ ಕಥೆಯನ್ನು ಈ ಇಬ್ಬರೂ ಪಕ್ಕದಲ್ಲೇ ಕೂತು ಕೇಳುತ್ತಾರೆ. ಅವರ ಮುಖ ಹೇಗಿತ್ತೆಂದು ಸರ್ವಾಂಟಿಸ್ ಹೇಳುವುದಿಲ್ಲ. ಹೇಳದೆ ಇರುವುದೇ ಅವನ ಜಾಣತನ.

ಓದಿ ಮುಗಿಸಿದ ಪಾದ್ರಿ ಅಭಿಪ್ರಾಯ ಕೊಡುತ್ತಾನೆ. ಹೇಳಿದ ರೀತಿ ಚೆನ್ನಾಗಿದೆ, ಆದರೆ ಗಂಡ ಹೆಂಡತಿಯ ನಡುವೆ ಹೀಗೆ ನಡೆಯುವುದನ್ನು ನಂಬಲಾರೆ, ಅಷ್ಟು ದಡ್ಡ ಗಂಡ ಇರಲಾರ ಅಂತಾನೆ. ನಂಬಲಾಗದ ಕಥೆಗಳನ್ನು ಓದಿ ಕೆಟ್ಟ ಗೆಳೆಯನನ್ನು ಉಳಿಸಲು ಬಂದವನು ಅವನು. ಅವನ ಓದು ನಂಬುವಂಥದ್ದೋ ಅಲ್ಲವೋ ಎಂಬಲ್ಲಿಗೆ ನಿಲ್ಲುತ್ತದೆ, ಪಕ್ಕದಲ್ಲಿ ಕೂತ ಕಾರ್ಡೆನಿಯೋ ಕಡೆ ತಿರುಗುವುದಿಲ್ಲ.

ಇನ್ನು ಈ ಕಥೆ ಯಾರಿಗೆ ಎಲ್ಲರಿಗಿಂತ ಜಾಸ್ತಿ ಸಲ್ಲಬೇಕಿತ್ತೋ ಆ ಕ್ವಿಕ್ಸೋಟ್ ನಿದ್ದೆ ಮಾಡುತ್ತಿದ್ದಾನೆ. ಒಂದು ಸಾಲೂ ಅವನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಇದು ನೀತಿಕಥೆಯಾಗಿಬಿಡುತ್ತಿತ್ತು. ಬೀಳದೆ ಇರುವುದರಿಂದ ಜೋಡಿಸುವ ಕೆಲಸ ಪೂರ್ತಿ ನಮ್ಮ ಪಾಲಿಗೆ ಬಂತು.

ಒಳಕಥೆಯ ಕೊನೆ, ಹೊರಕಥೆಯ ಕೊನೆ ಒಂದೇ ಥರ ಇರಬೇಕಾ?

ಬೇಕಿಲ್ಲ. ಬೇರೆಯಾದಾಗಲೇ ಮಾತುಕತೆ ಶುರುವಾಗುವುದು. ಫ್ಲಾರೆನ್ಸಿನ ಮೂವರೂ ಸತ್ತ ಮರುಕ್ಷಣ, 36ನೇ ಅಧ್ಯಾಯದಲ್ಲಿ, ಮುಖವಾಡ ಹಾಕಿದ ಕೆಲವರು ಛತ್ರಕ್ಕೆ ಬರುತ್ತಾರೆ. ಅವರೇ ಫರ್ನಾಂಡೊ ಮತ್ತು ಲುಸಿಂಡಾ. ಅಳು, ಬೇಡಿಕೆ, ಜಗಳ ಎಲ್ಲ ಆಗಿ ಫರ್ನಾಂಡೊ ಡೊರೊಟಿಯಾಳ ಕೈ ಹಿಡಿಯುತ್ತಾನೆ, ಲುಸಿಂಡಾ ಕಾರ್ಡೆನಿಯೋಗೆ ಸಿಗುತ್ತಾಳೆ. ಇಲ್ಲಿ ಯಾರೂ ಪರದೆಯ ಹಿಂದೆ ಅಡಗಲಿಲ್ಲ. ಮುಖವಾಡ ತೆಗೆದರು, ಎದುರಿಗೇ ನಿಂತು ಮಾತಾಡಿದರು. ಒಳಕಥೆಯಲ್ಲಿ ಮುಚ್ಚಿಟ್ಟದ್ದು ಕೊಂದಿತು, ಹೊರಕಥೆಯಲ್ಲಿ ಬಿಚ್ಚಿಟ್ಟದ್ದು ಉಳಿಸಿತು. ಆ ಸುಖಾಂತ್ಯ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ಸಾವಿನ ಕಥೆ ಕೇಳಿದವರಿಗೆ ಮಾತ್ರ ತಿಳಿಯುತ್ತದೆ.

ಸಣ್ಣ ತಮಾಷೆ ಕಥೆಗೂ ಇಷ್ಟೆಲ್ಲ ಕೆಲಸ ಇರುತ್ತಾ?

ಕೆಲವು ಸಲ ಇರುತ್ತದೆ. ಅದೇ ಪುಸ್ತಕದ 20ನೇ ಅಧ್ಯಾಯದಲ್ಲಿ ಕತ್ತಲ ರಾತ್ರಿ, ಭಯ ಹುಟ್ಟಿಸುವ ಸದ್ದು. ಕ್ವಿಕ್ಸೋಟ್ ಸದ್ದಿನ ಕಡೆ ಹೊರಡುತ್ತಾನೆ. ಸಾಂಚೊಗೆ ಒಬ್ಬನೇ ಇರಲು ಭಯ. ಗುಟ್ಟಾಗಿ ಕುದುರೆಯ ಕಾಲು ಕಟ್ಟಿ, ಒಂದು ಕಥೆ ಶುರು ಮಾಡುತ್ತಾನೆ. ಒಬ್ಬ ಕುರುಬ 300 ಆಡುಗಳನ್ನು ನದಿ ದಾಟಿಸಬೇಕು, ದೋಣಿಯಲ್ಲಿ ಒಂದು ಸಲಕ್ಕೆ ಒಂದೇ ಆಡು. ಎಣಿಸ್ತಾ ಇರಿ, ಲೆಕ್ಕ ತಪ್ಪಿದರೆ ಕಥೆ ಅಲ್ಲಿಗೇ ಮುಗೀತು ಅಂತಾನೆ. ಎಲ್ಲಾ ದಾಟಿದವು ಅಂದುಕೋ, ಮುಂದೆ ಹೇಳು ಅಂತಾನೆ ಕ್ವಿಕ್ಸೋಟ್. ಎಷ್ಟು ದಾಟಿದವು ಎಂದು ಸಾಂಚೊ ಕೇಳಿದರೆ ಇವನಿಗೆ ಗೊತ್ತಿಲ್ಲ. ಕಥೆ ಅಲ್ಲಿಗೇ ಮುಗಿಯುತ್ತದೆ.

ಪುಸ್ತಕದ ಕಥೆಗಳನ್ನು ಅಕ್ಷರ ಬಿಡದೆ ನಂಬಿದವನಿಗೆ ಬಾಯಿಮಾತಿನ ಕಥೆ ಕೇಳುವ ತಾಳ್ಮೆ ಇಲ್ಲ ಎಂದು ಇಷ್ಟರಲ್ಲೇ ಗೊತ್ತಾಯಿತು. ಓದಲು ಬಾರದ ಸೇವಕ ಯಜಮಾನನನ್ನು ಕಥೆಯಿಂದಲೇ ಕಟ್ಟಿಹಾಕಬಲ್ಲ ಎಂಬುದೂ ಗೊತ್ತಾಯಿತು.

## ಇನ್ನೂ ಒಳಗೆ

ಕಾದಂಬರಿ ಅನ್ನೋ ನಮ್ಮ ಪದವೇ ಒಂದು ಒಳಕಥೆಯ ಪುಸ್ತಕದಿಂದ ಬಂದದ್ದು ಅಂತ ಒಮ್ಮೆ ಹೇಳಿದ್ರಿ. ಅಲ್ಲಿ ಒಳಕಥೆ ಏನು ಮಾಡುತ್ತೆ?

ಏಳನೇ ಶತಮಾನದ ಬಾಣ ಸಂಸ್ಕೃತದಲ್ಲಿ ಬರೆದ ಗದ್ಯಕಥೆಯ ನಾಯಕಿಯ ಹೆಸರು ಕಾದಂಬರಿ. ಬಾಣ ಅದನ್ನು ಮುಗಿಸಲಿಲ್ಲ, ಮಗ ಮುಗಿಸಿದ. ನಾಗವರ್ಮ ಅದನ್ನು 'ಕರ್ಣಾಟಕ ಕಾದಂಬರಿ'ಯಾಗಿ ಕನ್ನಡಕ್ಕೆ ತಂದ. ಆ ಹೆಸರೇ ಮುಂದೆ ನಮ್ಮಲ್ಲಿ ಈ ಬರವಣಿಗೆಯ ಜಾತಿಗೆಲ್ಲ ಹೆಸರಾಯಿತು.

ಅಲ್ಲಿ ಕಥೆ ಪದರ ಪದರವಾಗಿದೆ. ಶೂದ್ರಕನೆಂಬ ರಾಜನ ಸಭೆಗೆ ಚಂಡಾಲ ಕನ್ಯೆಯೊಬ್ಬಳು ಗಿಳಿ ತರುತ್ತಾಳೆ. ಗಿಳಿ ತನ್ನ ಕಥೆ ಹೇಳುತ್ತದೆ. ಅದರೊಳಗೆ ಜಾಬಾಲಿ ಎಂಬ ಮುನಿ, ಈ ಗಿಳಿ ತನ್ನ ತಪ್ಪಿನ ಫಲವನ್ನೇ ಉಣ್ಣುತ್ತಿದೆ ಎಂದು ಇನ್ನೊಂದು ಕಥೆ ಹೇಳುತ್ತಾನೆ. ಅದು ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡನದು. ಅವನು ಅಚ್ಛೋದ ಸರೋವರದ ಬಳಿ ಮಹಾಶ್ವೇತೆಯನ್ನು ನೋಡುತ್ತಾನೆ. ಪುಂಡರೀಕನನ್ನು ಪ್ರೀತಿಸಿ, ಅವನು ವಿರಹದಲ್ಲಿ ಸತ್ತ ತನ್ನ ಕಥೆಯನ್ನು ಅವಳು ಹೇಳುತ್ತಾಳೆ.

ಈ ಅತಿ ಒಳಗಿನ ಕಥೆ ಕೆಲಸ ಮಾಡುವ ರೀತಿ ಕ್ವಿಕ್ಸೋಟ್‌ನ ಛತ್ರದ ಕಥೆಗಿಂತ ಬೇರೆ. ಮಹಾಶ್ವೇತೆ ದುಃಖದಲ್ಲಿರುವವರೆಗೆ ತಾನು ಮದುವೆಯಾಗುವುದಿಲ್ಲ ಎಂದು ಗೆಳತಿ ಕಾದಂಬರಿ ಹಠ ಹಿಡಿದಿದ್ದಾಳೆ. ಒಬ್ಬಳ ಕಥೆ ಇನ್ನೊಬ್ಬಳ ಬಾಳಿಗೆ ಅಡ್ಡ ನಿಂತಿದೆ. ಚಂದ್ರಾಪೀಡ ಆ ಕಥೆಯನ್ನು ಮರುಗುತ್ತಾ ಕೇಳುತ್ತಾನೆ, ಅದು ಬೇರೆಯವರ ನೋವು ಎಂದುಕೊಂಡು. ಮುಂದೆ ಗೆಳೆಯ ವೈಶಂಪಾಯನ ಸತ್ತ ಸುದ್ದಿ ಕೇಳಿ ಅವನದೇ ಎದೆ ಒಡೆಯುತ್ತದೆ. ಆ ಗೆಳೆಯನೇ ಮರುಹುಟ್ಟು ಪಡೆದ ಪುಂಡರೀಕ. ಅವನೇ ಈಗ ಗಿಳಿ.

ಕೊನೆಯ ತಿರುವಂತೂ ಮೈ ಜುಂ ಅನ್ನಿಸುತ್ತದೆ. ಇಷ್ಟು ಹೊತ್ತೂ ಸಿಂಹಾಸನದಲ್ಲಿ ಕೂತು ಆರಾಮಾಗಿ ಕಥೆ ಕೇಳುತ್ತಿದ್ದ ಶೂದ್ರಕನೇ ಚಂದ್ರಾಪೀಡ. ಅವನಿಗೆ ನೆನಪಿರಲಿಲ್ಲ ಅಷ್ಟೇ. ಕೇಳುವವನು ಕೇಳಿದ್ದು ತನ್ನದೇ ಕಥೆ. ಸರ್ವಾಂಟಿಸ್‌ನಲ್ಲಿ ಕಥೆ ತಲುಪಬೇಕಾದವನು ಮಲಗಿಬಿಟ್ಟ. ಬಾಣನ ಕಥೆಯಲ್ಲಿ ಕೇಳಿದವನು ಎಚ್ಚೆತ್ತ. ಒಳಕಥೆ ಹೊರಕಥೆಯ ಪಕ್ಕ ಕನ್ನಡಿ ಹಿಡಿದು ನಿಲ್ಲುವುದು ಒಂದು ದಾರಿ. ಹೊರಕಥೆ ಯಾಕೆ ಹೀಗಿದೆ ಎಂಬುದಕ್ಕೆ ಕಾರಣವನ್ನೇ ಕೊಡುವುದು ಇನ್ನೊಂದು. ಓದುವಾಗ ಇವುಗಳಲ್ಲಿ ಯಾವುದು ನಡೆಯುತ್ತಿದೆ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಹುಡುಕ್ತಾ ಹೋದ್ರೆ ಎಲ್ಲಾ ಕಡೆ ಹೋಲಿಕೆ ಕಾಣುತ್ತೆ. ನಾನೇ ಕಲ್ಪಿಸಿಕೊಳ್ತಿದ್ದೀನಾ ಅಂತ ಗೊತ್ತಾಗೋದು ಹೇಗೆ?

ಇದು ಒಳ್ಳೆಯ ಭಯ. 'ಎರಡರಲ್ಲೂ ಪ್ರೀತಿ ಇದೆ, ಎರಡರಲ್ಲೂ ಮೋಸ ಇದೆ' ಎಂಬ ಹೋಲಿಕೆಗೆ ಬೆಲೆ ಇಲ್ಲ. ಅಂಥದ್ದು ಯಾವ ಎರಡು ಕಥೆಯ ನಡುವೆಯೂ ಸಿಗುತ್ತದೆ. ಹೋಲಿಕೆ ಒಂದು ವಸ್ತುವಿನಲ್ಲಿ, ಒಂದು ಕ್ರಿಯೆಯಲ್ಲಿ ನಿಲ್ಲಬೇಕು. ಗಟ್ಟಿತನ ನೋಡಲು ಹೊಡೆಯುವುದು, ಹೊಡೆಯುವುದನ್ನು ನಿಲ್ಲಿಸುವುದು. ಇದು ನಿರ್ದಿಷ್ಟವಾಗಿದೆ.

ಆಮೇಲೆ ಒಳಕಥೆಯನ್ನು ಮನಸ್ಸಿನಲ್ಲೇ ನೂರು ಪುಟ ಆಚೆಗೆ ಸರಿಸಿ ನೋಡಿ. ಅರ್ಥ ಏನೂ ಬದಲಾಗದಿದ್ದರೆ ನಿಮ್ಮ ಹೋಲಿಕೆ ದುರ್ಬಲ. ತೊಗಲು ಚೀಲದ ಹೋಲಿಕೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಸರಿಸಿದರೆ ಅದು ಸತ್ತೇಹೋಗುತ್ತದೆ. ಶಿರಸ್ತ್ರಾಣದ ಹೋಲಿಕೆ ಪೂರ್ತಿ ಗೆಲ್ಲುವುದಿಲ್ಲ ಎಂದು ಒಪ್ಪಬೇಕು. ಅದು ಪುಸ್ತಕದ ಯಾವ ಮೂಲೆಯಲ್ಲಿದ್ದರೂ ನಿಲ್ಲುತ್ತಿತ್ತು. ಕ್ರಿಯೆ ಅಷ್ಟು ಖಚಿತವಾಗಿ ಹೊಂದುವುದರಿಂದ ಮಾತ್ರ ನಾನು ಅದನ್ನು ಬಿಡುವುದಿಲ್ಲ.

ಎಲ್ಲ ಒಳಕಥೆಯೂ ಹೊರಕಥೆಗೆ ಟಿಪ್ಪಣಿ ಆಗಬೇಕಿಲ್ಲ ಎಂಬುದನ್ನೂ ಮರೆಯಬಾರದು. ಅದೇ ಛತ್ರದಲ್ಲಿ, 39ರಿಂದ 41ನೇ ಅಧ್ಯಾಯದಲ್ಲಿ, ಅಲ್ಜೀರ್ಸ್‌ನಲ್ಲಿ ಸೆರೆಯಾಗಿದ್ದ ಸೈನಿಕನೊಬ್ಬ ತನ್ನ ಕಥೆ ಹೇಳುತ್ತಾನೆ. ಸರ್ವಾಂಟಿಸ್ ಸ್ವತಃ 1575ರಿಂದ 1580ರವರೆಗೆ ಅಲ್ಲಿ ಸೆರೆಯಲ್ಲಿದ್ದವನು. ಆ ಕಥೆಗೆ ತನ್ನದೇ ಭಾರ ಇದೆ. ಅದನ್ನು ಎಳೆದು ತಂದು ಕ್ವಿಕ್ಸೋಟನ ಹುಚ್ಚಿಗೆ ಕಟ್ಟಿದರೆ ಎರಡಕ್ಕೂ ಅನ್ಯಾಯ ಎಂಬುದು ನನ್ನ ಅನಿಸಿಕೆ.

ನಾನು ಕಾದಂಬರಿ ಬರೀತಿದ್ದೀನಿ. ಅಜ್ಜಿ ಹೇಳೋ ಒಂದು ಕಥೆ ಇದೆ, ಆದ್ರೆ ಅಂಟಿಸಿದ ಹಾಗೆ ಕಾಣುತ್ತೆ. ಏನ್ ಮಾಡ್ಲಿ?

ನೀವು ಕಳಿಸಿದ ಅಧ್ಯಾಯದ ಸಾರ ಇಷ್ಟು. ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ. ಒಂದೇ ಗೂಡಿಗಾಗಿ ಜಗಳವಾಡಿ ಸತ್ತ ಎರಡು ಹಕ್ಕಿಗಳ ಕಥೆಯನ್ನು ಅಜ್ಜಿ ಹೇಳುತ್ತಾಳೆ. ಅಣ್ಣನಿಗೆ ಕಣ್ಣೀರು ಬರುತ್ತದೆ. ತೊಂದರೆ ಎರಡು ಕಡೆ ಇದೆ. ಒಳಕಥೆ ಹೊರಕಥೆಯ ಅಚ್ಚೇ ಆಗಿದೆ, ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಮೇಲಾಗಿ ಅಣ್ಣ ಕೂಡಲೇ ಅರ್ಥಮಾಡಿಕೊಂಡುಬಿಡುತ್ತಾನೆ, ಓದುಗರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಮೊದಲು ಅಜ್ಜಿಗೆ ಒಂದು ಕಾರಣ ಕೊಡಿ. ಬುದ್ಧಿ ಹೇಳಲೆಂದು ಅಲ್ಲ, ಆ ರಾತ್ರಿ ಮೊಮ್ಮಗ ಎದ್ದು ಹೋಗಬಾರದು ಎಂದು ಹೇಳಲಿ. ಸಾಂಚೊ ಕುದುರೆ ಕಾಲು ಕಟ್ಟಿದ ಹಾಗೆ. ಆಗ ಅವಳು ಕಥೆಯನ್ನು ಎಳೆಯುತ್ತಾಳೆ, ಅದರ ಎಳೆತಕ್ಕೂ ಅರ್ಥ ಬರುತ್ತದೆ. ಕಥೆಯನ್ನೂ ಬದಲಿಸಿ, ಅಣ್ಣ ತಮ್ಮಂದಿರ ಸುಳಿವೇ ಇಲ್ಲದಿರಲಿ. ಒಬ್ಬ ಹೆಂಗಸು ಯಾರಿಗೋ ಕಾಯುತ್ತಾ ರಾತ್ರಿಯೆಲ್ಲ ಬಾಗಿಲಲ್ಲಿ ದೀಪ ಇಡುತ್ತಾಳೆ ಅಂತಿರಲಿ. ಎಣ್ಣೆ ಮುಗಿಯುತ್ತಾ ಬಂದಿದೆ. ಮೊಮ್ಮಗ ಕೇಳಿಸಿಕೊಳ್ಳುವುದು ತಪ್ಪಾದ ಜಾಗವನ್ನು. 'ಎಣ್ಣೆ ಎಷ್ಟು ದಿನ ಬಂತು ಅಜ್ಜಿ?' ಅಂತಾನೆ. ಅಜ್ಜಿ ಉತ್ತರ ಕೊಡದೆ ಮಲಗುತ್ತಾಳೆ. ಕಥೆ ಅಲ್ಲಿಗೇ ನಿಲ್ಲಲಿ, ಯಾರು ಬರಬೇಕಿತ್ತು, ಬಂದರೋ ಇಲ್ಲವೋ ಬೇಡ.

ಆಮೇಲೆ ಐದಾರು ಅಧ್ಯಾಯ ಕಳೆದು ಅವನು ತಡರಾತ್ರಿ ಊರಿಗೆ ಬರುವಾಗ ತಮ್ಮನ ಮನೆಯ ಮುಂದಿನ ಲೈಟು ಉರಿಯುತ್ತಿರಲಿ. ಅಜ್ಜಿಯ ಹೆಸರು ಆ ಪುಟದಲ್ಲಿ ಬರಕೂಡದು. ಕಥೆ ನೆನಪಾಯಿತು ಎಂಬ ಸಾಲೂ ಬೇಡ. ಬರೆಯುವಾಗ ಆ ಸಾಲು ಸೇರಿಸಲು ಕೈ ತುಡಿಯುತ್ತದೆ. ಸೇರಿಸದೆ ಒಬ್ಬ ಗೆಳೆಯರಿಗೆ ಓದಲು ಕೊಡಿ. ಅವರು ಲೈಟಿನ ಹತ್ತಿರ ಓದುವುದನ್ನು ನಿಲ್ಲಿಸಿ ಹಿಂದಿನ ಪುಟ ತಿರುವಿದರೆ ಕೆಲಸ ಆಗಿದೆ. ತಿರುವದಿದ್ದರೆ ದೀಪದ ಕಥೆಯಲ್ಲಿ ಬಾಗಿಲು, ಎಣ್ಣೆ, ಕತ್ತಲು ಇನ್ನೂ ಸ್ವಲ್ಪ ಕಣ್ಣಿಗೆ ಕಟ್ಟುವ ಹಾಗೆ ಬರಬೇಕು. ತಿದ್ದಬೇಕಾದ್ದು ಅಲ್ಲಿ, ಲೈಟಿನ ಪುಟದಲ್ಲಿ ಅಲ್ಲ.